ಹೃದಯ ವೈಫಲ್ಯ: ಆಸ್ಪತ್ರೆಯ ಬಿಡುಗಡೆ ಪತ್ರವನ್ನು ಓದುವ ಕ್ರಮ

ಹೃದಯ ವೈಫಲ್ಯವೆಂದರೆ ಹೃದಯವು ನಿಂತುಹೋಗುವುದಲ್ಲ. ಅದು ದೇಹಕ್ಕೆ ಸಾಕಾಗುವಷ್ಟು ರಕ್ತವನ್ನು ತಳ್ಳಲಾರದೆ, ಕಾಲುಗಳಲ್ಲಿಯೂ ಶ್ವಾಸಕೋಶಗಳಲ್ಲಿಯೂ ನೀರು ಸೇರುವ ಸ್ಥಿತಿ. ಇಂತಹ ರೋಗಿಗೆ ನೀಡುವ ಬಿಡುಗಡೆ ಪತ್ರದಲ್ಲಿ (ಡಿಸ್ಚಾರ್ಜ್ ಸಮ್ಮರಿ) ಹೊಸದಾಗಿ ಆರಂಭಿಸಿದ, ಪ್ರಮಾಣ ಬದಲಿಸಿದ ಹಾಗೂ ನಿಲ್ಲಿಸಿದ ಔಷಧಗಳು ಪ್ರತ್ಯೇಕವಾಗಿ ನಮೂದಾಗಿರಬೇಕು. ನಿಲ್ಲಿಸಿದವುಗಳ ನಮೂದೇ ಹಲವು ವೇಳೆ ಬಿಟ್ಟುಹೋಗಿರುತ್ತದೆ.

ಉದಾಹರಣೆಗೆ, 62 ವರ್ಷದ ರೈತರೊಬ್ಬರಿಗೆ ನೀರು ಇಳಿಸುವ ಫ್ಯೂರೊಸೆಮೈಡ್ ಮಾತ್ರೆಯನ್ನು ದಿನಕ್ಕೆ 20ರಿಂದ 40 ಮಿಲಿಗ್ರಾಂಗೆ ಏರಿಸಿ, ಸ್ಪೈರೊನೊಲ್ಯಾಕ್ಟೋನ್ 25 ಮಿಲಿಗ್ರಾಂ ಹೊಸದಾಗಿ ಸೇರಿಸಿ, ಮಂಡಿನೋವಿನ ಡೈಕ್ಲೋಫೆನಾಕ್ ಮಾತ್ರೆಯನ್ನು ವೈದ್ಯರು ನಿಲ್ಲಿಸಿದ್ದಾರೆಂದು ಭಾವಿಸೋಣ. ಈ ಕೊನೆಯ ಬದಲಾವಣೆಯನ್ನು ಪತ್ರದಲ್ಲಿ ಬರೆಯದಿದ್ದರೆ, ಮನೆಯಲ್ಲಿ ಉಳಿದ ನೋವಿನ ಮಾತ್ರೆಯನ್ನು ಅವರು ಮತ್ತೆ ನುಂಗುವುದು ಸಹಜ. ಆ ಮಾತ್ರೆಯು ಉಪ್ಪು ಮತ್ತು ನೀರನ್ನು ದೇಹದಲ್ಲಿಯೇ ಹಿಡಿದಿಟ್ಟು, ಫ್ಯೂರೊಸೆಮೈಡ್‌ನ ಕೆಲಸವನ್ನು ಕುಂದಿಸುತ್ತದೆ. ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲದು. ಸ್ಪೈರೊನೊಲ್ಯಾಕ್ಟೋನ್ ರಕ್ತದಲ್ಲಿನ ಪೊಟ್ಯಾಸಿಯಂ ಅನ್ನು ಏರಿಸಬಲ್ಲದಾದ್ದರಿಂದ, ಸುಮಾರು ಒಂದು ವಾರದಲ್ಲಿ ರಕ್ತಪರೀಕ್ಷೆ ಆಗಬೇಕೆಂಬ ಸೂಚನೆಯೂ ಪತ್ರದಲ್ಲಿರಬೇಕು.

ಬಿಡುಗಡೆಯ ದಿನದ ತೂಕವು ಸಣ್ಣ ವಿವರವೆಂದು ತೋರಬಹುದು. ಮನೆಯಲ್ಲಿ ಅದೇ ಅಳತೆಗೋಲು. ಈ ರೈತರ ತೂಕ ಅಂದು 58 ಕೆ.ಜಿ. ಇದ್ದು, ಮೂರು ದಿನಗಳಲ್ಲಿ 60 ಆದರೆ ಏರಿದ್ದು ಬಹುತೇಕ ನೀರೇ. ಉಸಿರು ಕಟ್ಟುವವರೆಗೆ ಕಾಯದೆ ಅಂದೇ ವೈದ್ಯರನ್ನು ಕಾಣಬೇಕು. ಪ್ರತಿದಿನ ಬೆಳಗ್ಗೆ ಮೂತ್ರ ವಿಸರ್ಜನೆಯ ನಂತರ, ಉಪಾಹಾರಕ್ಕೆ ಮೊದಲು, ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಾದ ಕ್ರಮ.

ಮರುಭೇಟಿಗೆ "ಅಗತ್ಯವಿದ್ದಾಗ ಬರುವುದು" ಎಂಬ ಬರಹ ಸಾಲದು. 7ರಿಂದ 14 ದಿನಗಳೊಳಗಿನ ನಿರ್ದಿಷ್ಟ ದಿನಾಂಕ, ಸ್ಥಳ ಇರಬೇಕು. ಇಲ್ಲದಿದ್ದರೆ ಸದಸ್ಯರು ಆಶಾ ಕಾರ್ಯಕರ್ತೆಯರ ಮೂಲಕ ಆಸ್ಪತ್ರೆಯಿಂದ ಕೇಳಿ ಬರೆಯಿಸಬಹುದು.