ಖರೀದಿ ವಹಿಗೂ 2ಬಿಗೂ ತಾಳೆಯಾಗದ ಬಿಲ್ಲುಗಳು

ಪ್ರಶ್ನೆ ಕಳುಹಿಸಿರುವ ಹಾರ್ಡ್‌ವೇರ್ ವ್ಯಾಪಾರಿಗಳ ತೊಡಕು ಬಹುಪಾಲು ತೆರಿಗೆಯದಲ್ಲ, ಬಿಲ್ ಸಂಖ್ಯೆಯನ್ನು ಬರೆಯುವ ರೀತಿಯದು. ಮಾರಾಟಗಾರರು ಸಲ್ಲಿಸಿದ ವಿವರಗಳಿಂದ ಸಾಮಾನ್ಯವಾಗಿ ಮರುತಿಂಗಳ 14ರಂದು ಸಿದ್ಧವಾಗುವ, ಖರೀದಿದಾರರಿಗೆ ದಕ್ಕುವ ತೆರಿಗೆ ಕ್ರೆಡಿಟ್ಟಿನ ಪಟ್ಟಿಯೇ ಜಿಎಸ್‌ಟಿಆರ್-2ಬಿ. ಅದರಲ್ಲಿ ‘457’ ಎಂದಿರುವ ಬಿಲ್ಲು ವಹಿಯಲ್ಲಿ ‘ಎಸ್‌ಎಲ್/0457’ ಎಂದಿದ್ದರೆ, ಎಕ್ಸೆಲ್ ಅದನ್ನು ಎರಡು ಬೇರೆ ಬಿಲ್ಲುಗಳೆಂದೇ ತಿಳಿದು ಎರಡು ಕಡೆಯೂ ಕೊರತೆ ತೋರಿಸುತ್ತದೆ.

ಆದ್ದರಿಂದ ಮೊದಲ ಸುತ್ತಿನಲ್ಲಿ ಮಾರಾಟಗಾರರ ಜಿಎಸ್‌ಟಿ ಸಂಖ್ಯೆ ಮತ್ತು ಬಿಲ್ ಸಂಖ್ಯೆಗಳನ್ನು ಇದ್ದಂತೆಯೇ ಹೋಲಿಸಿ, ಉಳಿದವುಗಳಲ್ಲಿ ಅಕ್ಷರ, ಓರೆಗೆರೆ, ಮುಂದಿನ ಸೊನ್ನೆಗಳನ್ನು ತೆಗೆದು ಮತ್ತೆ ಹೋಲಿಸಬೇಕು. ಈ ಎರಡನೆಯ ಸುತ್ತಿನಲ್ಲಿ ದಿನಾಂಕವನ್ನೂ ನೋಡದಿದ್ದರೆ ಬೇರೆ ಸರಣಿಯ 457 ಇದರೊಡನೆ ಬೆರೆತುಹೋಗುತ್ತದೆ, ಮತ್ತು ಇಂಥ ಸುಳ್ಳು ತಾಳೆ ಕೊರತೆಗಿಂತ ಅಪಾಯಕರ.

ಸಂಖ್ಯೆ ತಾಳೆಯಾದ ಮೇಲೆ ತೆರಿಗೆಯನ್ನು ಕಳೆದು ನೋಡಬೇಕು. ವಹಿಯಲ್ಲಿ 50,000 ರೂಪಾಯಿಗೆ ಶೇ. 18ರಂತೆ 9,000 ತೆರಿಗೆಯಿದ್ದು, 2ಬಿಯಲ್ಲಿ 45,000ಕ್ಕೆ 8,100 ಮಾತ್ರ ಇದ್ದರೆ, ವ್ಯತ್ಯಾಸದ ಪಟ್ಟಿಗೆ 900 ಸೇರುತ್ತದೆ. ಸದ್ಯಕ್ಕೆ ಪಡೆಯಬಹುದಾದ ಕ್ರೆಡಿಟ್ 8,100 ಮಾತ್ರ. ಮೂಲ ಬಿಲ್ಲು ವಹಿಯನ್ನೇ ಸಮರ್ಥಿಸಿದರೆ ಮಾರಾಟಗಾರರಿಂದ ತಿದ್ದುಪಡಿ ಕೇಳಬೇಕು. ಆ 900ನ್ನು ಪಡೆಯಲು ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವುಗಳಲ್ಲಿ ಮೊದಲು ಬರುವುದೇ ಕೊನೆಯ ಗಡುವು.