ಸ್ಟಿರಾಯ್ಡ್ ಮಾತ್ರೆ ನುಂಗುವವರಿಗೆ ಜ್ವರ ಬಂದಾಗ

ಆರೋಗ್ಯವಂತರಿಗೆ ಜ್ವರ ಬಂದರೆ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತವೆ. ರಕ್ತದ ಒತ್ತಡ ಕುಸಿಯದಂತೆ ಕಾಯುವುದು ಅದೇ. ಇದು ತಯಾರಾಗದವರಿಗೆ ಮಾತ್ರೆಯೇ ಆಸರೆ. ಜ್ವರ ಬಂದಾಗ ಅವರ ದೇಹ ತಾನಾಗಿ ಹಾರ್ಮೋನು ಹೆಚ್ಚಿಸಿಕೊಳ್ಳಲಾರದು, ಮಾತ್ರೆಯನ್ನೇ ಹೆಚ್ಚಿಸಬೇಕು.

ಔರಾದ್ ತಾಲ್ಲೂಕಿನ ಹಳ್ಳಿಯೊಂದರ ಗೃಹಿಣಿಯೊಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಹಾಳಾಗಿದೆ. ಅದರ ಆಜ್ಞೆ ಇಲ್ಲದೆ ಅಡ್ರಿನಲ್ ಗ್ರಂಥಿ ಕೆಲಸ ಮಾಡದು. ಆದ್ದರಿಂದ ಅವರು ಹೈಡ್ರೋಕಾರ್ಟಿಸೋನ್ ಮಾತ್ರೆಯನ್ನು ಬೆಳಿಗ್ಗೆ 10, ಮಧ್ಯಾಹ್ನ 5, ಸಂಜೆ 5 ಮಿ.ಗ್ರಾಂ. ತೆಗೆದುಕೊಳ್ಳುತ್ತಾರೆ. ಜ್ವರ 100.4 ಡಿಗ್ರಿ ದಾಟಿದ ದಿನ ಅದು 20, 10, 10 ಆಗಬೇಕು. 102 ಡಿಗ್ರಿ ದಾಟಿದರೆ ಮೂರು ಪಟ್ಟು. ಜ್ವರ ಬಿಟ್ಟ ಮೇಲೆ ಒಂದೆರಡು ದಿನದಲ್ಲಿ ಹಳೆಯ ಪ್ರಮಾಣಕ್ಕೆ ಮರಳಬೇಕು. ಮೂರು ದಿನವಾದರೂ ಜ್ವರ ಬಿಡದಿದ್ದರೆ ವೈದ್ಯರನ್ನು ಕಾಣಬೇಕು. ಜ್ವರವಿಲ್ಲದ ಬರೀ ನೆಗಡಿಗೆ ಮಾತ್ರೆ ಹೆಚ್ಚಿಸುವ ಅಗತ್ಯವಿಲ್ಲ.

ಸಂಧಿವಾತ, ಉಬ್ಬಸ ಮುಂತಾದವುಗಳಿಗೆ ತಿಂಗಳಿಗೂ ಹೆಚ್ಚು ಕಾಲ ಪ್ರೆಡ್ನಿಸೋಲೋನ್ ನುಂಗಿದವರಲ್ಲೂ ಈ ಗ್ರಂಥಿ ನಿದ್ದೆ ಹೋಗಿರಬಹುದು. ದಿನಕ್ಕೆ 5 ಮಿ.ಗ್ರಾಂ. ತೆಗೆದುಕೊಳ್ಳುವವರು ಜ್ವರದಲ್ಲಿ ಬೆಳಿಗ್ಗೆ 5, ಸಂಜೆ 5 ತೆಗೆದುಕೊಳ್ಳುವುದು ವಾಡಿಕೆ. ಈಗಾಗಲೇ 10 ಅಥವಾ ಹೆಚ್ಚು ತೆಗೆದುಕೊಳ್ಳುವವರಿಗೆ ಸಾಮಾನ್ಯವಾಗಿ ಅಷ್ಟೇ ಸಾಕು, ಅದನ್ನು ಎರಡು ಹೊತ್ತಿಗೆ ಹಂಚಿಕೊಂಡರಾಯಿತು. ನಿಮ್ಮ ಪ್ರಮಾಣ ಎಷ್ಟೆಂದು ವೈದ್ಯರಿಂದ ಮೊದಲೇ ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿ. ‘ಜ್ವರ ಇದೆ, ಸ್ಟಿರಾಯ್ಡ್ ಬೇಡ’ ಎಂದು ಯಾರಾದರೂ ಹೇಳಿದರೆಂದು ಮಾತ್ರೆಯನ್ನು ಥಟ್ಟನೆ ನಿಲ್ಲಿಸಲೇಬೇಡಿ.

ನಿಜವಾದ ಅಪಾಯ ಬರುವುದು ವಾಂತಿಯಾದಾಗ. ನುಂಗಿದ ಅರ್ಧ ಗಂಟೆಯೊಳಗೆ ಮಾತ್ರೆ ಹೊರಬಂದರೆ ಇನ್ನೊಮ್ಮೆ ನುಂಗಿ. ಅದೂ ನಿಲ್ಲದಿದ್ದರೆ ಮಾತ್ರೆಯನ್ನು ನಂಬಿ ಕೂರಬಾರದು, ಚುಚ್ಚುಮದ್ದೇ ಬೇಕು. ವಿಪರೀತ ಭೇದಿ, ಎದ್ದು ನಿಂತರೆ ತಲೆ ಸುತ್ತು, ಕೈಕಾಲು ತಣ್ಣಗಾಗುವುದು, ಎಚ್ಚರಿಸಿದರೂ ಮಂಪರು, ತೊದಲುವ ಮಾತು ಕಂಡರೂ ಹಾಗೆಯೇ. ದೊಡ್ಡವರಿಗೆ ಹೈಡ್ರೋಕಾರ್ಟಿಸೋನ್ 100 ಮಿ.ಗ್ರಾಂ. ಅನ್ನು ತೊಡೆಯ ಸ್ನಾಯುವಿಗೆ ಕೊಡುತ್ತಾರೆ. ಮಕ್ಕಳಿಗೆ ಪ್ರಮಾಣ ಬೇರೆ. ಸಂಶಯದಲ್ಲಿ ಕೊಟ್ಟ ಒಂದು ಚುಚ್ಚುಮದ್ದಿನಿಂದ ಕೇಡಿಲ್ಲ, ತಡಮಾಡಿದರೆ ಜೀವಕ್ಕೇ ಅಪಾಯ.

ಔರಾದ್, ಭಾಲ್ಕಿ ಕಡೆಯವರು ಇಂಥ ಹೊತ್ತಿನಲ್ಲಿ ನೇರವಾಗಿ ಬೀದರಿಗೆ ಹೊರಡುವುದುಂಟು. ದಾರಿಯಲ್ಲೇ ರಕ್ತದ ಒತ್ತಡ ಕುಸಿಯಬಹುದು. ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಚುಚ್ಚುಮದ್ದು, ಸಲೈನ್, ಆಮೇಲೆ ಪ್ರಯಾಣ. ವೈದ್ಯರ ಚೀಟಿಯೊಂದಿಗೆ ಔಷಧದ ಒಂದು ಬಾಟಲಿ ಮತ್ತು ಸಿರಿಂಜನ್ನು ಮನೆಯಲ್ಲೇ ಇಟ್ಟುಕೊಂಡು, ಚುಚ್ಚುವುದನ್ನು ಮನೆಯವರೊಬ್ಬರು ಕಲಿತಿದ್ದರೆ ಇನ್ನೂ ಒಳ್ಳೆಯದು. ಚುಚ್ಚುಮದ್ದಾದ ಮೇಲೂ ಆಸ್ಪತ್ರೆಗೆ ಹೋಗಲೇಬೇಕು. ಅಲ್ಲಿ ತಲುಪಿದೊಡನೆ ‘ಇವರು ಸ್ಟಿರಾಯ್ಡ್ ಮೇಲಿದ್ದಾರೆ’ ಎಂದು ಹೇಳಿ ಚೀಟಿ ತೋರಿಸಿ.