ಐದು ಇಂಕ್‌ಜೆಟ್‌ಗಳ ಬದಲು ಒಂದು ಲೇಸರ್: ಲ್ಯಾಬ್ ಟಿಪ್ಪಣಿಯ ಲೆಕ್ಕ

ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಹಳೆಯ ಇಂಕ್‌ಜೆಟ್ ಪ್ರಿಂಟರ್‌ಗಳನ್ನು ತೆಗೆದು, ಎಲ್ಲ ಕಂಪ್ಯೂಟರ್‌ಗಳಿಗೂ ಸೇರಿ ಒಂದೇ ನೆಟ್‌ವರ್ಕ್ ಲೇಸರ್ ಪ್ರಿಂಟರ್ ಕೊಳ್ಳಬೇಕೆಂದು ಪ್ರಾಂಶುಪಾಲರಿಗೆ ಬರೆಯುವ ಟಿಪ್ಪಣಿ ಒಂದು ಪುಟ ಮೀರಬೇಕಾಗಿಲ್ಲ. ಆ ಒಂದು ಪುಟ ನಿಲ್ಲುವುದು ಒಂದೇ ಅಂಕಿಯ ಮೇಲೆ: ಮುದ್ರಣವಾದ ಪ್ರತಿ ಪುಟಕ್ಕೆ ನಿಜವಾಗಿ ಬಿದ್ದ ಖರ್ಚು. ಹೊಸ ಯಂತ್ರದ ಬೆಲೆಯಿಂದ ಶುರುವಾಗುವ ಟಿಪ್ಪಣಿಗೆ ಸಿಗುವ ಉತ್ತರ ಸಾಮಾನ್ಯವಾಗಿ ‘ಮುಂದಿನ ವರ್ಷ ನೋಡೋಣ’ ಎಂಬುದೇ.

ಹಾರಂಗಿ ಜಲಾಶಯದ ಆಸುಪಾಸಿನಂಥ ಕಡೆ ಇಂಕ್‌ಜೆಟ್‌ಗೆ ವರ್ಷದಲ್ಲಿ ಎರಡು ಕಷ್ಟಕಾಲ. ಮಡಿಕೇರಿಯಷ್ಟು ಮಳೆ ಇಲ್ಲಿ ಬೀಳುವುದಿಲ್ಲ. ಕೊಡಗು ಜಿಲ್ಲೆಯ ಪೂರ್ವದ ಅಂಚು ಇದು. ಬೇಸಿಗೆಯ ಒಣ ಗಾಳಿಯ ತಿಂಗಳುಗಳಲ್ಲಿ ರಜೆಯೂ ಬರುತ್ತದೆ, ಯಂತ್ರ ವಾರಗಟ್ಟಲೆ ಸುಮ್ಮನಿರುತ್ತದೆ. ಇಂಕ್‌ಜೆಟ್‌ನ ಮಸಿಯಲ್ಲಿ ಬಹುಪಾಲು ನೀರು. ಕೂದಲೆಳೆಗಿಂತ ಸಣ್ಣದಾದ ನಾಜಲ್‌ಗಳ ಬಾಯಲ್ಲಿ ಆ ನೀರು ಆರಿದರೆ ಬಣ್ಣ ಅಂಟಾಗಿ ಕೂರುತ್ತದೆ. ರಜೆ ಮುಗಿದು ಬಂದು ‘ನಾಜಲ್ ಚೆಕ್’ ಪುಟ ತೆಗೆದರೆ ಗೆರೆಗಳ ನಡುವೆ ಬಿಳಿ ತುಂಡುಗಳು ಕಾಣುತ್ತವೆ. ಆಗ ‘ಹೆಡ್ ಕ್ಲೀನಿಂಗ್’ ಒತ್ತುತ್ತಾರೆ. ಒಂದು ಸಲಕ್ಕೆ ಸರಿಹೋಗದಿದ್ದರೆ ಮತ್ತೆ ಒತ್ತುತ್ತಾರೆ. ಪ್ರತಿ ಸಲವೂ ಒಳ್ಳೆಯ ಮಸಿಯನ್ನೇ ನಾಜಲ್ ಮೂಲಕ ಹೊರಗೆಳೆದು ಯಂತ್ರದ ತಳದಲ್ಲಿರುವ ಹೀರುಪಟ್ಟಿಗೆ ಸುರಿಯುವುದೇ ಆ ಕೆಲಸ. ಕಾಗದದ ಮೇಲೆ ಒಂದಕ್ಷರವೂ ಬೀಳದೆ ಕಾರ್ಟ್ರಿಜ್ ಖಾಲಿಯಾಗುವ ದಾರಿ ಇದು. ಕಡೆಗೆ ಹೀರುಪಟ್ಟಿ ತುಂಬಿತೆಂಬ ಸಂದೇಶ ಬಂದರೆ, ಆ ಹಳೆಯ ಯಂತ್ರವನ್ನು ರಿಪೇರಿ ಮಾಡಿಸುವುದರಲ್ಲಿ ಅರ್ಥವಿಲ್ಲ.

ಮಳೆಗಾಲದ ತೊಂದರೆ ಬೇರೆ. ಆಗ ತೇವ ಹೀರುವುದು ಕಾಗದ. ಹಾಳೆಗಳು ಒಂದಕ್ಕೊಂದು ಅಂಟಿ ಎರಡು ಮೂರು ಒಟ್ಟಿಗೆ ಒಳಗೆ ಹೋಗುತ್ತವೆ, ಅಕ್ಷರದ ಅಂಚು ಹರಡುತ್ತದೆ. ಕಾಗದದ ಈ ತೊಂದರೆ ಲೇಸರ್‌ಗೂ ಇದೆ ಎಂಬುದನ್ನು ಟಿಪ್ಪಣಿ ಮುಚ್ಚಿಡಬಾರದು. ತೇವದ ಕಾಗದಕ್ಕೆ ಟೋನರ್ ಪುಡಿ ಸರಿಯಾಗಿ ಹತ್ತುವುದಿಲ್ಲ; ಪುಡಿಯನ್ನು ಕರಗಿಸಿ ಅಂಟಿಸುವ ಫ್ಯೂಸರ್‌ನ ಬಿಸಿಗೆ ಹಾಳೆ ಸುರುಳಿ ಸುತ್ತಿ ಸಿಕ್ಕಿಕೊಳ್ಳುತ್ತದೆ. ಬೇಕಾದಷ್ಟೇ ಹಾಳೆ ಟ್ರೇಗೆ ಹಾಕಿ, ಉಳಿದ ರೀಮನ್ನು ಅದರ ಹೊದಿಕೆಯಲ್ಲೇ ಸುತ್ತಿ ಕಬ್ಬಿಣದ ಅಲ್ಮೆರಾದಲ್ಲಿ ಇಡುವುದೊಂದೇ ಉಪಾಯ. ಲೇಸರ್‌ನಲ್ಲಿ ಇಲ್ಲದೆ ಹೋಗುವುದು ಬೇಸಿಗೆಯ ರೋಗ: ಟೋನರ್ ಒಣ ಪುಡಿ, ಎರಡು ತಿಂಗಳು ಮುಟ್ಟದಿದ್ದರೂ ಒಣಗುವುದಕ್ಕೆ ಅದರಲ್ಲಿ ಏನೂ ಇಲ್ಲ.

ಇನ್ನು ಲೆಕ್ಕ. ಕಾರ್ಟ್ರಿಜ್ ಡಬ್ಬಿಯ ಮೇಲೆ ಬರೆದ ಪುಟಸಂಖ್ಯೆಯನ್ನು ನಂಬಿ ಬರೆದರೆ ಟಿಪ್ಪಣಿ ಕೆಡುತ್ತದೆ. ಆ ಸಂಖ್ಯೆ ಬಿಡುವಿಲ್ಲದೆ ಒಂದೇ ಸಮನೆ ಮುದ್ರಿಸಿ ನೋಡಿದ ಪರೀಕ್ಷೆಯದು. ಲ್ಯಾಬಿನ ರಜೆ, ಕ್ಲೀನಿಂಗ್ ಯಾವುದೂ ಅದರಲ್ಲಿ ಸೇರಿಲ್ಲ. ನಿಜವಾದ ಸಂಖ್ಯೆ ಸ್ಟಾಕ್ ರಿಜಿಸ್ಟರ್‌ನಲ್ಲೇ ಇರುತ್ತದೆ. ಲೆಕ್ಕದ ಕ್ರಮ ತಿಳಿಯಲು ಒಂದು ಮಾದರಿ ಹಿಡಿಯಬಹುದು. ದರಗಳನ್ನು ಆಯಾ ಕಾಲೇಜಿನ ಬಿಲ್ಲುಗಳಿಂದ ತುಂಬಿಕೊಳ್ಳಬೇಕು. ಐದು ಇಂಕ್‌ಜೆಟ್‌ಗಳಿಗೆ ವರ್ಷದಲ್ಲಿ 24 ರೀಮ್ ಕಾಗದ, ಅಂದರೆ 12,000 ಹಾಳೆ ಕೊಟ್ಟಿದೆ. ಅದೇ ಅವಧಿಯಲ್ಲಿ ತಲಾ 800 ರೂಪಾಯಿಯ 75 ಕಪ್ಪು ಕಾರ್ಟ್ರಿಜ್ ಖರ್ಚಾಗಿದೆ ಎನ್ನೋಣ. ಒಂದು ಕಾರ್ಟ್ರಿಜ್‌ಗೆ ಸಿಕ್ಕಿದ್ದು 160 ಹಾಳೆ, ಪುಟಕ್ಕೆ 5 ರೂಪಾಯಿ. ಡಬ್ಬಿಯ ಮೇಲೆ 200 ಪುಟ ಎಂದಿದ್ದರೆ ಪುಟಕ್ಕೆ 4 ರೂಪಾಯಿ ಆಗಬೇಕಿತ್ತು. ಪ್ರಾಕ್ಟಿಕಲ್ ರೆಕಾರ್ಡಿನ ಪ್ರೋಗ್ರಾಂ ಪುಟಗಳಲ್ಲಿ ಖಾಲಿ ಜಾಗವೇ ಹೆಚ್ಚು. ಹಾಗಾಗಿ ಮಸಿ ಅಂದಾಜಿಗಿಂತ ಹೆಚ್ಚು ದಿನ ಬರಬೇಕು. ಬಂದಿಲ್ಲವೆಂದರೆ ಕೊರತೆಯ ಬಹುಪಾಲು ಹೀರುಪಟ್ಟಿಗೆ ಹೋದದ್ದು, ಇಲ್ಲವೇ ನಾಜಲ್ ಒಣಗಿ ಅರ್ಧ ಮಸಿ ಉಳಿದಿರುವಾಗಲೇ ಎಸೆದ ಕಾರ್ಟ್ರಿಜ್‌ಗಳಲ್ಲಿ ಹೋದದ್ದು. ಈ ಒಂದು ರೂಪಾಯಿಯ ವ್ಯತ್ಯಾಸವೇ ಟಿಪ್ಪಣಿಯ ಜೀವ. ಇದನ್ನು ಯಾವ ಮಾರಾಟಗಾರನೂ ಹೇಳಿಕೊಡುವುದಿಲ್ಲ, ರಿಜಿಸ್ಟರ್ ಹೇಳುತ್ತದೆ.

ಲೇಸರ್ ಕಡೆಯ ಲೆಕ್ಕದಲ್ಲೂ ಟೋನರ್ ಒಂದನ್ನೇ ಹಿಡಿದರೆ ಸಾಲದು. ಡ್ರಮ್ ಬೇರೆಯಾಗಿ ಬರುವ ಮಾದರಿಗಳಲ್ಲಿ ಅದೂ ಸವೆಯುತ್ತದೆ. 4,500 ರೂಪಾಯಿಯ ಟೋನರ್ 3,000 ಪುಟ ಬಂದರೆ ಪುಟಕ್ಕೆ ಒಂದೂವರೆ ರೂಪಾಯಿ. 6,000 ರೂಪಾಯಿಯ ಡ್ರಮ್ 12,000 ಪುಟ ಬಂದರೆ ಇನ್ನು 50 ಪೈಸೆ. ಒಟ್ಟು 2 ರೂಪಾಯಿ. ಪುಟಕ್ಕೆ 3 ರೂಪಾಯಿಯಂತೆ ವರ್ಷಕ್ಕೆ 36,000 ರೂಪಾಯಿ ಉಳಿತಾಯ. ಎರಡೂ ಬದಿ ತಾನೇ ಮುದ್ರಿಸುವ 25,000 ರೂಪಾಯಿಯ ಯಂತ್ರದ ಬೆಲೆ ಸುಮಾರು ಎಂಟೂವರೆ ತಿಂಗಳಲ್ಲಿ ಮರಳುತ್ತದೆ. ಹಾಗಾಗಿ ಟಿಪ್ಪಣಿಯ ಮುಖ್ಯ ವಾಕ್ಯ ಇಷ್ಟೇ ಸಾಕು: ‘ಕಳೆದ ಸಾಲಿನ ಸ್ಟಾಕ್ ರಿಜಿಸ್ಟರ್ ಪ್ರಕಾರ ಪ್ರತಿ ಪುಟಕ್ಕೆ 5 ರೂಪಾಯಿ ವೆಚ್ಚವಾಗುತ್ತಿದ್ದು, ಪ್ರಸ್ತಾಪಿತ ಯಂತ್ರದಲ್ಲಿ ಇದು 2 ರೂಪಾಯಿಗೆ ಇಳಿಯುವುದರಿಂದ ಖರೀದಿಗೆ ಮಂಜೂರಾತಿ ನೀಡಬೇಕಾಗಿ ಕೋರಿದೆ.’

ಸಮಿತಿಯಲ್ಲಿ ಏಳುವ ಮೊದಲ ಪ್ರಶ್ನೆ ನ್ಯಾಯವಾದದ್ದು: ಇರುವ ಒಂದೂ ಕೆಟ್ಟರೆ ಗತಿಯೇನು? ಐದರಲ್ಲಿ ಒಂದು ಕೆಟ್ಟರೆ ನಾಲ್ಕು ಉಳಿಯುತ್ತವೆ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಲೇಸರ್ ನಿಂತರೆ ಇಡೀ ಬ್ಯಾಚ್ ನಿಲ್ಲುತ್ತದೆ. ಇದಕ್ಕೆ ಟಿಪ್ಪಣಿಯಲ್ಲೇ ಉತ್ತರ ಇರಬೇಕು. ಒಂದು ಟೋನರ್ ಸದಾ ಅಲ್ಮೆರಾದಲ್ಲಿ ಇರಲಿ, ಐದು ಇಂಕ್‌ಜೆಟ್‌ಗಳಲ್ಲಿ ಗಟ್ಟಿಯಾದ ಒಂದನ್ನು ಉಳಿಸಿಕೊಂಡು ವಾರಕ್ಕೊಂದು ಬಣ್ಣದ ಪುಟ ತೆಗೆಯುತ್ತಿರಲಿ. ಬಣ್ಣದ ಮುದ್ರಣದ ಅಲ್ಪಸ್ವಲ್ಪ ಅಗತ್ಯವೂ ಇದರಿಂದಲೇ ತೀರುತ್ತದೆ.

ಎರಡನೆಯ ವಿಷಯ ಕರೆಂಟು. ಫ್ಯೂಸರ್ ಬಿಸಿಯಾಗುವ ಕ್ಷಣದಲ್ಲಿ ಲೇಸರ್ ಪ್ರಿಂಟರ್ ಸಾವಿರ ವ್ಯಾಟ್‌ನ ಆಸುಪಾಸು ಎಳೆಯಬಲ್ಲದು. ಕಂಪ್ಯೂಟರ್‌ಗಳ ಯುಪಿಎಸ್‌ಗೆ ಇದನ್ನು ಸೇರಿಸಿದರೆ ಓವರ್‌ಲೋಡ್ ಆಗಿ ಎಲ್ಲವೂ ಒಟ್ಟಿಗೆ ಆರಿಹೋಗಬಹುದು. ಅರ್ಥಿಂಗ್ ಸರಿಯಿರುವ ಪ್ರತ್ಯೇಕ ಪ್ಲಗ್ ಪಾಯಿಂಟ್‌ನ ಖರ್ಚನ್ನೂ ಅಂದಾಜಿನಲ್ಲಿ ಮೊದಲೇ ಸೇರಿಸಬೇಕು. ಮಳೆಗಾಲದಲ್ಲಿ ಕರೆಂಟು ಪದೇ ಪದೇ ಹೋಗುವ ಊರುಗಳಲ್ಲಿ ಇನ್ನೊಂದು ತೊಂದರೆ ಕಾಣಿಸುತ್ತದೆ: ಕರೆಂಟು ಬಂದ ಮೇಲೆ ಪ್ರಿಂಟರ್ ತಾನು ಸರಿಯಾಗಿಯೇ ಇರುತ್ತದೆ, ಕಂಪ್ಯೂಟರ್‌ಗಳಲ್ಲಿ ಮಾತ್ರ Offline ಎಂದು ತೋರುತ್ತದೆ. ರೂಟರ್ ಮತ್ತೆ ಚಾಲೂ ಆದಾಗ ಪ್ರಿಂಟರ್‌ಗೆ ಬೇರೆ ಐಪಿ ವಿಳಾಸ ಕೊಟ್ಟಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಕಂಪ್ಯೂಟರ್‌ಗಳು ಹಳೆಯ ವಿಳಾಸಕ್ಕೇ ಕಡತ ಕಳಿಸುತ್ತಿರುತ್ತವೆ. ಪ್ರಿಂಟರ್ ತನ್ನ ಕಾನ್ಫಿಗರೇಶನ್ ಪುಟದಲ್ಲಿ ತೋರಿಸುವ ವಿಳಾಸವನ್ನು ಕಂಪ್ಯೂಟರ್‌ನಲ್ಲಿರುವ ವಿಳಾಸದ ಜೊತೆ ಹೋಲಿಸಿ, ಪ್ರಿಂಟರ್ ತೋರಿಸಿದ ವಿಳಾಸವನ್ನು ಹಾಕಿ ಹೀಗೆ ಕೇಳಿ ನೋಡಿದರೆ ವಿಷಯ ಗೊತ್ತಾಗುತ್ತದೆ:

```
ping 192.168.1.50
```

ರೂಟರ್‌ನಲ್ಲಿ ಆ ವಿಳಾಸವನ್ನು ಪ್ರಿಂಟರ್‌ಗೆಂದೇ ಕಾಯ್ದಿರಿಸಿ, ಕಂಪ್ಯೂಟರ್‌ಗಳಲ್ಲೂ ಅದನ್ನೇ ಕೊಟ್ಟು, ವೈಫೈ ಬಿಟ್ಟು ಕೇಬಲ್‌ನಲ್ಲಿ ಜೋಡಿಸಿದರೆ ಈ ತೊಂದರೆ ಮರುಕಳಿಸುವುದಿಲ್ಲ.

ಉಳಿದ ನಾಲ್ಕು ಇಂಕ್‌ಜೆಟ್‌ಗಳ ವಿಲೇವಾರಿಯನ್ನೂ ಅದೇ ಟಿಪ್ಪಣಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಅವು ರಿಜಿಸ್ಟರ್‌ನಲ್ಲಿ ಚಾಲ್ತಿಯ ಆಸ್ತಿಯಾಗಿಯೇ ಉಳಿದು, ಆಡಿಟ್‌ನವರು ಬಂದಾಗಲೆಲ್ಲ ಲೆಕ್ಕ ಕೊಡಬೇಕಾಗುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಕಾರ್ಟ್ರಿಜ್ ಸಹಿತ ಪ್ರಿಂಟರ್‌ಗಳೂ ಬರುತ್ತವೆ. ನಿರುಪಯುಕ್ತವೆಂದು ಸಮಿತಿ ಬರೆದುಕೊಟ್ಟ ಮೇಲೆ ಅವನ್ನು ಗುಜರಿಗೆ ಹಾಕದೆ ನೋಂದಾಯಿತ ಮರುಬಳಕೆದಾರರಿಗೇ ಒಪ್ಪಿಸಿ, ರಸೀದಿಯನ್ನು ಸ್ಟಾಕ್ ರಿಜಿಸ್ಟರ್‌ನ ಅದೇ ಪುಟಕ್ಕೆ ಲಗತ್ತಿಸಬೇಕು.